ಡಾಲರ್ ರೇಟು ಯಾರ ಕೈಯಲ್ಲಿದೆ?

ದುಬೈಯಲ್ಲಿ ದುಡಿಯುವ ನಮ್ಮ ಕರಾವಳಿಯವರು ಊರಿಗೆ ಹಣ ಕಳಿಸುವ ಮುನ್ನ ಎಕ್ಸ್‌ಚೇಂಜ್ ಅಂಗಡಿಯ ಬೋರ್ಡಿನ ಮೇಲೆ ಕಣ್ಣು ಹಾಯಿಸುತ್ತಾರೆ. ಅಮೆರಿಕದ ಡಾಲರ್ 85 ರೂಪಾಯಿ ಇದ್ದಾಗ ಸಾವಿರ ದಿರ್ಹಮ್‌ಗೆ ಸುಮಾರು 23,145 ರೂಪಾಯಿ ಬರುತ್ತದೆ. ಡಾಲರ್ 90 ರೂಪಾಯಿ ಆದರೆ ಅದೇ ಸಾವಿರಕ್ಕೆ ಸುಮಾರು 24,500. ಆಗ ‘ದಿರ್ಹಮ್ ಏರಿತು’ ಎಂದು ಫೋನಿನಲ್ಲಿ ಹೇಳುವುದು ರೂಢಿ. ನಿಜಕ್ಕೂ ದಿರ್ಹಮ್ ಎಲ್ಲಿಗೂ ಏರಿರುವುದಿಲ್ಲ. 1997ರಿಂದಲೂ ಒಂದು ಡಾಲರ್‌ಗೆ 3.6725 ದಿರ್ಹಮ್ ಎಂಬ ಲೆಕ್ಕ ಹಾಗೇ ನಿಂತಿದೆ. ಅಲುಗಾಡಿದ್ದು ರೂಪಾಯಿ. ಅದೂ ತನ್ನಷ್ಟಕ್ಕೆ ತಾನು ಅಲುಗಾಡಿದ್ದಲ್ಲ, ಎಷ್ಟು ಅಲುಗಾಡಬೇಕು ಎಂಬುದರಲ್ಲಿ ಮುಂಬೈಯ ರಿಸರ್ವ್ ಬ್ಯಾಂಕಿನ ಕೈಯೂ ಇರುತ್ತದೆ.

ತನ್ನ ನಾಣ್ಯದ ಬೆಲೆಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ಜಗತ್ತಿನಲ್ಲಿ ಸ್ಥೂಲವಾಗಿ ನಾಲ್ಕು ಪದ್ಧತಿಗಳಿವೆ. ಕಾನೂನಿನ ಬಲದಿಂದ ಬಿಗಿಯಾಗಿ ನಿಲ್ಲಿಸಿದ ಸ್ಥಿರ ದರ, ಇನ್ನೊಂದು ನಾಣ್ಯಕ್ಕೆ ಕಟ್ಟಿಹಾಕಿದ ಪೆಗ್ ದರ, ಮಾರುಕಟ್ಟೆಗೆ ಬಿಟ್ಟೂ ಆಗಾಗ ಕೈಹಾಕುವ ನಿಯಂತ್ರಿತ ತೇಲು ದರ, ಮತ್ತು ಪೂರ್ತಿ ಮಾರುಕಟ್ಟೆಗೇ ಬಿಟ್ಟ ಮುಕ್ತ ತೇಲು ದರ. ಪಠ್ಯಪುಸ್ತಕ ಇವನ್ನು ನಾಲ್ಕು ಕೋಣೆಗಳ ಹಾಗೆ ತೋರಿಸುತ್ತದೆ. ಆದರೆ ಈ ಹೆಸರುಗಳಿಂದ ತಿಳಿಯುವುದು ಕಡಿಮೆ ಎಂದೇ ನನ್ನ ಅನಿಸಿಕೆ. ಕೇಂದ್ರ ಬ್ಯಾಂಕು ಯಾವ ಮಾತು ಕೊಟ್ಟಿದೆ, ಆ ಮಾತು ಉಳಿಸಿಕೊಳ್ಳಲು ಯಾರು ಮುದ್ರಿಸುವ ಹಣವನ್ನು ಖರ್ಚು ಮಾಡಬೇಕು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಅತಿ ಬಿಗಿಯಾದದ್ದರಿಂದ ಶುರುಮಾಡೋಣ. ಹಾಂಗ್‌ಕಾಂಗ್ 1983ರ ಅಕ್ಟೋಬರಿನಲ್ಲಿ ತನ್ನ ಡಾಲರನ್ನು ಅಮೆರಿಕದ ಡಾಲರಿಗೆ 7.80ರ ದರದಲ್ಲಿ ಕಟ್ಟಿತು. 2005ರಿಂದ 7.75 ಮತ್ತು 7.85ರ ನಡುವೆ ಓಡಾಡಲು ಜಾಗ ಬಿಟ್ಟಿದೆ. ಗೂಟಕ್ಕೆ ಕಟ್ಟಿದ ಹಸುವಿನ ಹಗ್ಗದ ಉದ್ದ ಅಷ್ಟೇ. ಅಲ್ಲಿನ ಹಣಕಾಸು ಪ್ರಾಧಿಕಾರವು ತಾನು ಹೊರಡಿಸಿದ ಹಣಕ್ಕೆಲ್ಲ ಸರಿಸಮನಾದ ಅಮೆರಿಕದ ಡಾಲರ್ ಆಸ್ತಿಯನ್ನು ಹಿಂದೆ ಇಟ್ಟುಕೊಂಡಿರಬೇಕು. ದರ 7.85 ಮುಟ್ಟಿದರೆ ಯಾವ ಬ್ಯಾಂಕು ಬಂದು ಕೇಳಿದರೂ ಅಮೆರಿಕದ ಡಾಲರ್ ಕೊಟ್ಟು ಸ್ಥಳೀಯ ಡಾಲರ್ ವಾಪಸು ಪಡೆಯುತ್ತದೆ. ಇಲ್ಲಿ ಅಧಿಕಾರಿಗಳ ವಿವೇಚನೆಗೆ ಹೆಚ್ಚು ಜಾಗವಿಲ್ಲ. ವಾಪಸು ಬಂದ ಹಣ ಚಲಾವಣೆಯಿಂದ ಮಾಯವಾಗುತ್ತದೆ, ಬ್ಯಾಂಕುಗಳ ಬಳಿ ಹಣ ಬರಿದಾಗುತ್ತದೆ, ಬಡ್ಡಿ ಏರುತ್ತದೆ. ಬಡ್ಡಿ ಏರಿತೆಂದು ಹೊರಗೆ ಹೊರಟ ಹಣ ಹಿಂದಿರುಗುತ್ತದೆ. ದರ ಸ್ಥಿರ, ಬಡ್ಡಿ ಅಸ್ಥಿರ. 1997ರ ಅಕ್ಟೋಬರ್ 23ರಂದು, ಏಷ್ಯಾದ ನಾಣ್ಯಗಳೆಲ್ಲ ಕುಸಿಯುತ್ತಿದ್ದಾಗ, ಹಾಂಗ್‌ಕಾಂಗಿನಲ್ಲಿ ಬ್ಯಾಂಕುಗಳ ನಡುವಿನ ಒಂದು ರಾತ್ರಿಯ ಸಾಲದ ಬಡ್ಡಿ ವಾರ್ಷಿಕ ಲೆಕ್ಕದಲ್ಲಿ ಶೇ 280ಕ್ಕೆ ಹೋಯಿತು. ಪೆಗ್ ಉಳಿಯಿತು. ಷೇರು ಮತ್ತು ಮನೆಗಳ ಬೆಲೆ ನೆಲಕಚ್ಚಿತು.

ಸಂಯುಕ್ತ ಅರಬ್ ಎಮಿರೇಟ್ಸ್‌ನದು ಇದಕ್ಕಿಂತ ಸಡಿಲವಾದ ಸಾಮಾನ್ಯ ಪೆಗ್. ಎಣ್ಣೆ ಮಾರಿ ಡಾಲರ್ ಗಳಿಸುವ ದೇಶಕ್ಕೆ ಡಾಲರಿಗೆ ಕಟ್ಟಿಕೊಳ್ಳುವುದು ಹೊಂದುವ ಮಾತೇ. ಆದರೆ ಅದಕ್ಕೂ ಬೆಲೆಯಿದೆ. ಅಮೆರಿಕದ ಫೆಡರಲ್ ರಿಸರ್ವ್ 2022–23ರಲ್ಲಿ ತನ್ನ ಊರಿನ ಬೆಲೆಯೇರಿಕೆಗೆ ಹೆದರಿ ಬಡ್ಡಿ ಏರಿಸುತ್ತಾ ಹೋದಾಗ, ಎಮಿರೇಟ್ಸ್ ಕೇಂದ್ರ ಬ್ಯಾಂಕೂ ಹಿಂದೆಯೇ ಏರಿಸಿ 2023ರ ಜುಲೈಗೆ ಶೇ 5.40ಕ್ಕೆ ತಂದಿತು. ಏರಿಸದೆ ಕೂತಿದ್ದರೆ ಜನ ಕಡಿಮೆ ಬಡ್ಡಿಯ ದಿರ್ಹಮ್ ಬಿಟ್ಟು ಹೆಚ್ಚು ಬಡ್ಡಿಯ ಡಾಲರಿಗೆ ಓಡುತ್ತಿದ್ದರು. ಸ್ಥಿರ ದರ, ಗಡಿದಾಟಲು ಹಣಕ್ಕೆ ಸ್ವಾತಂತ್ರ್ಯ, ಸ್ವಂತ ಬಡ್ಡಿ ನೀತಿ, ಈ ಮೂರರಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಬಹುದು ಎಂದು 1960ರ ದಶಕದಲ್ಲಿ ಮಂಡೆಲ್ ಮತ್ತು ಫ್ಲೆಮಿಂಗ್ ಎಂಬ ಅರ್ಥಶಾಸ್ತ್ರಜ್ಞರ ಕೆಲಸದಿಂದ ಬಂದ ಸೂತ್ರ ಹೇಳುವುದು ಇದನ್ನೇ. ಎಮಿರೇಟ್ಸ್ ಮೂರನೆಯದನ್ನು ಬಿಟ್ಟುಕೊಟ್ಟಿದೆ.

ಪೆಗ್ ಮುರಿಯುವುದು ಹೇಗೆ ಎಂದು ತಿಳಿಯಬೇಕಾದರೆ ಥಾಯ್ಲೆಂಡಿಗೆ ಹೋಗಬೇಕು. ಒಂದು ಡಾಲರ್‌ಗೆ ಸುಮಾರು 25 ಬಾಟ್ ಎಂಬ ದರ ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದಿತ್ತು. ಇಷ್ಟು ವರ್ಷ ಅಲುಗದ ದರವನ್ನು ನಂಬಿ ಅಲ್ಲಿನ ಕಂಪನಿಗಳೂ ಹಣಕಾಸು ಸಂಸ್ಥೆಗಳೂ ಕಡಿಮೆ ಬಡ್ಡಿಯ ಡಾಲರ್ ಸಾಲ ತಂದು ಬ್ಯಾಂಕಾಕಿನ ಕಟ್ಟಡಗಳಿಗೆ ಸುರಿದವು. ಸಾಲ ಡಾಲರಿನಲ್ಲಿ, ಬಾಡಿಗೆ ಬರುವುದು ಬಾಟ್‌ನಲ್ಲಿ. ರಫ್ತು ಕುಂಠಿತವಾಗಿ ಕಟ್ಟಡಗಳು ಖಾಲಿ ನಿಂತಾಗ ಹೊರಗಿನ ಹೂಡಿಕೆದಾರರು ಬಾಟ್ ಮಾರಲು ತೊಡಗಿದರು. 1997ರ ಮೇ ತಿಂಗಳಲ್ಲಿ ದಾಳಿ ಜೋರಾಯಿತು.

ಆಗ ಥಾಯ್ಲೆಂಡಿನ ಕೇಂದ್ರ ಬ್ಯಾಂಕು ಡಾಲರ್ ಮಾರಿ ಬಾಟ್ ಕೊಂಡಿತು. ಆದರೆ ಇದ್ದ ಡಾಲರನ್ನು ಕೈಯಿಂದ ಕೊಡುವ ಬದಲು ಬಹುಪಾಲು ಫಾರ್ವರ್ಡ್ ಒಪ್ಪಂದಗಳಲ್ಲಿ, ಅಂದರೆ ‘ಇಂತಿಷ್ಟು ತಿಂಗಳ ನಂತರ ಈ ದರಕ್ಕೆ ಡಾಲರ್ ಕೊಡುತ್ತೇನೆ’ ಎಂಬ ವಾಗ್ದಾನದಲ್ಲಿ ಮಾರಿತು. ಇದರಿಂದ ಒಂದು ಅನುಕೂಲವಿತ್ತು. ಡಾಲರ್ ಇನ್ನೂ ಕೈಬಿಟ್ಟಿಲ್ಲವಾದ್ದರಿಂದ ಪ್ರಕಟಿಸುವ ಮೀಸಲು ಕರಗುವುದಿಲ್ಲ. ಹೊರಗಿನವರ ಕಣ್ಣಿಗೆ ಥಾಯ್ಲೆಂಡಿನ ಬಳಿ 3,000 ಕೋಟಿ ಡಾಲರಿಗೂ ಹೆಚ್ಚು ಇದ್ದಂತೆ ಕಾಣುತ್ತಿತ್ತು. ಕೊಡಲು ಒಪ್ಪಿದ್ದನ್ನೂ ಬೇರೆ ಬಾಧ್ಯತೆಗಳನ್ನೂ ಕಳೆದರೆ ಉಳಿದಿದ್ದು ಸುಮಾರು 280 ಕೋಟಿ. ಜುಲೈ 2ರಂದು ಬಾಟ್ ಅನ್ನು ತೇಲಲು ಬಿಟ್ಟರು. ಆಗಸ್ಟಿನಲ್ಲಿ, ಐಎಂಎಫ್ ಸಾಲದ ಷರತ್ತಿನಂತೆ, ಫಾರ್ವರ್ಡ್ ಬಾಧ್ಯತೆ 2,340 ಕೋಟಿ ಡಾಲರ್ ಎಂದು ಬಹಿರಂಗಪಡಿಸಬೇಕಾಯಿತು. 1998ರ ಜನವರಿಯಲ್ಲಿ ಡಾಲರ್‌ಗೆ 50 ಬಾಟ್ ದಾಟಿತ್ತು. ಡಾಲರ್ ಸಾಲ ಮಾಡಿದ್ದವರ ಹೊರೆ ಆರು ತಿಂಗಳಲ್ಲಿ ಇಮ್ಮಡಿ.

ಇಲ್ಲೊಂದು ಅಸಮತೋಲ ಇದೆ, ಅದನ್ನು ಗಮನಿಸದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ತನ್ನ ನಾಣ್ಯ ಬೀಳದಂತೆ ತಡೆಯಲು ಕೇಂದ್ರ ಬ್ಯಾಂಕು ಡಾಲರ್ ಖರ್ಚು ಮಾಡಬೇಕು. ಡಾಲರ್ ಮುದ್ರಿಸುವ ಅಧಿಕಾರ ಅದಕ್ಕಿಲ್ಲ, ಹಾಗಾಗಿ ಒಂದು ದಿನ ಮುಗಿಯುತ್ತದೆ. ನಾಣ್ಯ ಏರದಂತೆ ತಡೆಯಲು ಬೇಕಾದದ್ದು ತನ್ನದೇ ನಾಣ್ಯ, ಅದನ್ನು ಬೇಕಾದಷ್ಟು ಸೃಷ್ಟಿಸಬಹುದು. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು 2011ರ ಸೆಪ್ಟೆಂಬರಿನಿಂದ ಒಂದು ಯೂರೊ 1.20 ಫ್ರಾಂಕಿಗಿಂತ ಕೆಳಗಿಳಿಯದಂತೆ ಫ್ರಾಂಕ್ ಸೃಷ್ಟಿಸಿ ಯೂರೊ ಕೊಳ್ಳುತ್ತಾ ಹೋಯಿತು. ಅದು ಸೋತದ್ದು ಹಣ ಮುಗಿದು ಅಲ್ಲ. ಕೊಂಡ ಪರದೇಶಿ ಆಸ್ತಿಯ ಗುಡ್ಡೆ ಕಂಡು ತಾನೇ ಅಂಜಿ, 2015ರ ಜನವರಿ 15ರಂದು ಮುನ್ಸೂಚನೆಯಿಲ್ಲದೆ ಕೈಬಿಟ್ಟಿತು. ಬೀಳುವ ನಾಣ್ಯಕ್ಕೆ ಇಂಥ ಆಯ್ಕೆ ಇರುವುದಿಲ್ಲ.

ಭಾರತಕ್ಕೆ ಈ ಪಾಠ ಹೊಸದಲ್ಲ. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ರೂಪಾಯಿಗೆ ಬ್ರಿಟನ್ನಿನ ಪೌಂಡೇ ಆಸರೆ. 1966ರ ಜೂನ್ 6ರಂದು ಡಾಲರಿನ ದರ 4.76ರಿಂದ 7.50ಕ್ಕೆ ಹೋಯಿತು. 1975ರಿಂದ ಹಲವು ನಾಣ್ಯಗಳ ಬುಟ್ಟಿಯೊಂದಕ್ಕೆ ಕಟ್ಟಲಾಯಿತು. 1991ರಲ್ಲಿ ಮೀಸಲು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಾಗ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ಅಪಮೌಲ್ಯ ಮಾಡಿದರು. ಅದೇ ತಿಂಗಳು ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟು 40 ಕೋಟಿ ಡಾಲರ್ ತಂದರು. 1992ರ ಮಾರ್ಚಿನಲ್ಲಿ ಇಬ್ಬಗೆಯ ದರ ಬಂತು. ರಫ್ತುದಾರ ತಂದ ಡಾಲರಿನಲ್ಲಿ ಶೇ 40 ಸರ್ಕಾರಿ ದರಕ್ಕೆ, ಶೇ 60 ಮಾರುಕಟ್ಟೆ ದರಕ್ಕೆ. ಮುಂದಿನ ಮಾರ್ಚಿನಲ್ಲಿ ಎರಡೂ ಒಂದಾದವು. ರೂಪಾಯಿ ತೇಲಲು ತೊಡಗಿದ್ದು ಅಲ್ಲಿಂದ.

ತೇಲಲು ಬಿಟ್ಟರೂ ರಿಸರ್ವ್ ಬ್ಯಾಂಕು ದಡದಲ್ಲಿ ಸುಮ್ಮನೆ ಕೂರಲಿಲ್ಲ. ‘ನಾವು ಯಾವುದೇ ದರವನ್ನು ಗುರಿಯಾಗಿಟ್ಟುಕೊಂಡಿಲ್ಲ, ವಿಪರೀತ ಏರಿಳಿತವನ್ನು ಮಾತ್ರ ತಡೆಯುತ್ತೇವೆ’ ಎಂಬುದು ಅದರ ಎಂದಿನ ನಿಲುವು. ಆ ತಡೆಯುವ ಕೆಲಸ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಬೇಕು.

ಮುಂಬೈಯ ಡಾಲರ್ ಮಾರುಕಟ್ಟೆ ಬೆಳಗ್ಗೆ 9ಕ್ಕೆ ತೆರೆಯುತ್ತದೆ. ತಿಂಗಳ ಕೊನೆ ಎಂದುಕೊಳ್ಳಿ. ಕಚ್ಚಾ ತೈಲದ ಬಿಲ್ ಕಟ್ಟಲು ತೈಲ ಕಂಪನಿಗಳಿಗೆ ಡಾಲರ್ ಬೇಕು. ಅದೇ ದಿನ ವಿದೇಶಿ ಹೂಡಿಕೆದಾರರು ಷೇರು ಮಾರಿ ಹೊರಡುತ್ತಿದ್ದಾರೆ. ಕೊಳ್ಳುವವರೇ ಎಲ್ಲ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಂಥ ರಫ್ತುದಾರರು ಇನ್ನೂ ಒಳ್ಳೆಯ ದರ ಬರಲಿ ಎಂದು ಡಾಲರ್ ಹಿಡಿದುಕೊಂಡಿದ್ದಾರೆ. ಆಗ ರಿಸರ್ವ್ ಬ್ಯಾಂಕು ತಾನೇ ಮುಂದೆ ಬರುವುದಿಲ್ಲ. ಕೆಲವು ಸರ್ಕಾರಿ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ, ಅವು ತಮ್ಮ ಹೆಸರಿನಲ್ಲಿ ಡಾಲರ್ ಮಾರುತ್ತವೆ. ಮಾರುಕಟ್ಟೆಯವರು ಅದನ್ನು ವಾಸನೆ ಹಿಡಿಯುತ್ತಾರೆ. ‘ಸರ್ಕಾರಿ ಬ್ಯಾಂಕುಗಳು ಬಹುಶಃ ಆರ್‌ಬಿಐ ಪರವಾಗಿ ಡಾಲರ್ ಮಾರಿದವು’ ಎಂದು ಮರುದಿನದ ಪತ್ರಿಕೆಯಲ್ಲಿ ಓದುವ ಸಾಲು ಹುಟ್ಟುವುದು ಹೀಗೆ. ಎಷ್ಟು ಮಾರಿದರು, ಯಾವ ದರಕ್ಕೆ ನಿಲ್ಲಿಸುತ್ತಾರೆ ಎಂಬುದು ತಿಳಿಯದಿರುವುದೇ ಇದರ ಶಕ್ತಿ. ಹಾಂಗ್‌ಕಾಂಗ್ ತನ್ನ ಗೆರೆಯನ್ನು ಜಗತ್ತಿಗೆಲ್ಲ ಸಾರಿ ಹೇಳಿದೆ, ರಿಸರ್ವ್ ಬ್ಯಾಂಕು ಬಾಯಿಬಿಡುವುದಿಲ್ಲ. ರೂಪಾಯಿಯ ವಿರುದ್ಧ ಜೂಜಾಡುವವನಿಗೆ ತಳ ಎಲ್ಲಿದೆ ಎಂದು ಗೊತ್ತಿರಬಾರದು. ಮುಂಬೈ ತೆರೆಯುವ ಮೊದಲೇ ಸಿಂಗಪುರದಂಥ ಕಡೆ ರೂಪಾಯಿಯ ಮೇಲೆ ನಡೆಯುವ ವಾಯಿದೆ ವಹಿವಾಟಿನಲ್ಲೂ ಅದು ಕೈಯಾಡಿಸುವುದುಂಟು.

ಈಗ ಲೆಕ್ಕ. 85 ರೂಪಾಯಿ ದರದಲ್ಲಿ 100 ಕೋಟಿ ಡಾಲರ್ ಮಾರಿದರೆ ರಿಸರ್ವ್ ಬ್ಯಾಂಕಿಗೆ 8,500 ಕೋಟಿ ರೂಪಾಯಿ ಬರುತ್ತದೆ. ಎರಡು ದಿನಗಳ ನಂತರ ಲೆಕ್ಕ ಚುಕ್ತಾ ಆಗುವಾಗ ಅಷ್ಟೂ ಹಣ ಬ್ಯಾಂಕುಗಳು ಆರ್‌ಬಿಐಯಲ್ಲಿ ಇಟ್ಟಿರುವ ಖಾತೆಗಳಿಂದ ಹೊರಟುಹೋಗುತ್ತದೆ. ಕೇಂದ್ರ ಬ್ಯಾಂಕಿನೊಳಗೆ ಹೋದ ರೂಪಾಯಿ ಚಲಾವಣೆಯಲ್ಲಿ ಇಲ್ಲದ ರೂಪಾಯಿ. ಹೀಗೆ ವಾರಗಟ್ಟಲೆ ನಡೆದರೆ ಬ್ಯಾಂಕುಗಳಿಗೆ ದಿನದ ವ್ಯವಹಾರಕ್ಕೇ ಹಣ ಸಾಲದು, ಅವುಗಳ ನಡುವಿನ ಸಾಲದ ಬಡ್ಡಿ ಮೇಲೇರುತ್ತದೆ. ಡಾಲರಿನ ದರ ಹಿಡಿಯಲು ಹೋಗಿ ಮನೆಸಾಲ, ವ್ಯಾಪಾರದ ಸಾಲಗಳ ಬಡ್ಡಿಗೆ ಬಿಸಿ ತಟ್ಟುತ್ತದೆ. ಹಾಂಗ್‌ಕಾಂಗ್ ಇದನ್ನು ಹಾಗೇ ಬಿಟ್ಟುಬಿಡುತ್ತದೆ. ನಮ್ಮಲ್ಲಿ ಒಂದು ಕೈಯಲ್ಲಿ ಡಾಲರ್ ಮಾರಿ, ಇನ್ನೊಂದು ಕೈಯಲ್ಲಿ ಸರ್ಕಾರಿ ಸಾಲಪತ್ರ ಕೊಂಡು ಬ್ಯಾಂಕುಗಳಿಗೆ ರೂಪಾಯಿ ಹಿಂದಿರುಗಿಸುತ್ತಾರೆ. ಡಾಲರ್ ವಿಪರೀತ ಒಳಬರುವಾಗ ಇದೇ ಕೆಲಸ ತಿರುಗುಮುರುಗಾಗುತ್ತದೆ. ಡಾಲರ್ ಕೊಂಡಾಗ ಹೊರಬಿದ್ದ ಹೆಚ್ಚುವರಿ ರೂಪಾಯಿ ಬೆಲೆಯೇರಿಕೆ ತರದಿರಲೆಂದು ಸಾಲಪತ್ರ ಮಾರಿ ಅದನ್ನು ಹೀರಿಕೊಳ್ಳಬೇಕು. ಅದಕ್ಕೆಂದೇ 2004ರಲ್ಲಿ ಒಂದು ಪ್ರತ್ಯೇಕ ಯೋಜನೆಯನ್ನೂ ತಂದಿದ್ದರು.

2024ರ ಚಳಿಗಾಲ ಇದನ್ನೆಲ್ಲ ಒಟ್ಟಿಗೆ ತೋರಿಸಿತು. ಸೆಪ್ಟೆಂಬರ್ ಕೊನೆಯಲ್ಲಿ ಮೀಸಲು ಸುಮಾರು 70,500 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ಅಲ್ಲಿಂದ ವಿದೇಶಿ ಹೂಡಿಕೆದಾರರು ಷೇರು ಮಾರತೊಡಗಿದರು, ಅಮೆರಿಕದಲ್ಲಿ ಟ್ರಂಪ್ ಗೆದ್ದ ಮೇಲೆ ಡಾಲರ್ ಎಲ್ಲ ನಾಣ್ಯಗಳೆದುರೂ ಬಲವಾಯಿತು. ರಿಸರ್ವ್ ಬ್ಯಾಂಕು ಮಾರುತ್ತಲೇ ಹೋಯಿತು. ಜನವರಿ ಮಧ್ಯದ ಹೊತ್ತಿಗೆ ಮೀಸಲು ಸುಮಾರು 62,400 ಕೋಟಿ. ಬ್ಯಾಂಕುಗಳಲ್ಲಿ ಹಣದ ಕೊರತೆ ಆ ತಿಂಗಳ ಕೊನೆಗೆ 3 ಲಕ್ಷ ಕೋಟಿ ರೂಪಾಯಿ ಮೀರಿತು. ಆಗ ಜನವರಿ 27ರಂದು 60,000 ಕೋಟಿ ರೂಪಾಯಿಯ ಸಾಲಪತ್ರ ಕೊಳ್ಳುವ ಘೋಷಣೆ ಬಂತು. ಫೆಬ್ರವರಿ 28ರಂದು ಇನ್ನೊಂದು ಬಗೆಯ ಉಪಾಯ ಮಾಡಿದರು. ಬ್ಯಾಂಕುಗಳಿಂದ 1,000 ಕೋಟಿ ಡಾಲರ್ ಪಡೆದು ರೂಪಾಯಿ ಕೊಟ್ಟರು, ಮೂರು ವರ್ಷದ ನಂತರ ಆ ಡಾಲರನ್ನು ಒಪ್ಪಿದ ದರಕ್ಕೆ ಮರಳಿ ಮಾರುವ ಕರಾರಿನ ಮೇಲೆ. ಸ್ವಾಪ್ ಎಂದು ಕರೆಯುವ ಈ ಅದಲುಬದಲಿನಿಂದ ಬ್ಯಾಂಕುಗಳಿಗೆ ರೂಪಾಯಿ ಸಿಕ್ಕಿತು, ಮೀಸಲೂ ದಪ್ಪಗೆ ಕಂಡಿತು. ಆದರೆ ಮುಂದೆಂದೋ ಡಾಲರ್ ಕೊಡಬೇಕಾದ ಬಾಧ್ಯತೆ ಹುಟ್ಟಿಕೊಂಡಿತು. ಆ ಫೆಬ್ರವರಿ ಅಂತ್ಯಕ್ಕೆ ಇಂಥ ಫಾರ್ವರ್ಡ್ ಬಾಧ್ಯತೆಗಳ ನಿವ್ವಳ ಮೊತ್ತ ಸುಮಾರು 8,800 ಕೋಟಿ ಡಾಲರ್ ಮುಟ್ಟಿತ್ತು. ಥಾಯ್ಲೆಂಡಿನ ಕತೆ ಓದಿದವರಿಗೆ ಎದೆ ಧಸಕ್ಕೆನ್ನಬಹುದು. ಆದರೆ ಅಲ್ಲಿ ಬಾಧ್ಯತೆ ಮೀಸಲಿನ ಬಹುಪಾಲನ್ನು ನುಂಗಿತ್ತು, ಇಲ್ಲಿ ಏಳನೇ ಒಂದು ಭಾಗದಷ್ಟು.

ಇದಕ್ಕೆ ಮೊದಲು ನಡೆದದ್ದು ನನಗೆ ಇನ್ನೂ ಕುತೂಹಲಕರ. 2022ರ ಕೊನೆಯಿಂದ ಸುಮಾರು ಎರಡು ವರ್ಷ ರೂಪಾಯಿ ಅಚ್ಚರಿ ಹುಟ್ಟಿಸುವಷ್ಟು ಶಾಂತವಾಗಿತ್ತು. ಆರು ತಿಂಗಳೋ ಹೆಚ್ಚೋ ಕಾಲ ಒಂದು ನಾಣ್ಯ ಶೇ 2ರ ಪಟ್ಟಿಯೊಳಗೇ ಉಳಿದರೆ, ಅದಕ್ಕೆ ಕೇಂದ್ರ ಬ್ಯಾಂಕಿನ ಕೈವಾಡ ಕಾರಣವಾಗಿದ್ದರೆ, ಐಎಂಎಫ್ ಅದನ್ನು ‘ಸ್ಥಿರಗೊಳಿಸಿದ ವ್ಯವಸ್ಥೆ’ ಎಂದು ಗುರುತಿಸುತ್ತದೆ. 2023ರ ಡಿಸೆಂಬರಿನಲ್ಲಿ ಭಾರತಕ್ಕೂ ಆ ಹಣೆಪಟ್ಟಿ ಅಂಟಿಸಿತು. ರಿಸರ್ವ್ ಬ್ಯಾಂಕು ಸಿಟ್ಟಿನಿಂದಲೇ ಅಲ್ಲಗಳೆಯಿತು. ಹೆಸರಿನ ಜಗಳ ಹಾಗಿರಲಿ. ದರ ಅಲುಗದೆ ಇರುವುದು ನೋಡಿ ಆಮದುದಾರರು, ಡಾಲರ್ ಸಾಲಗಾರರು ‘ಇನ್ನು ಹೆಡ್ಜಿಂಗ್ ಖರ್ಚು ಯಾಕೆ’ ಎಂದು ಮುಂದಿನ ದರವನ್ನು ಕಾಯ್ದಿರಿಸಿಕೊಳ್ಳುವುದನ್ನು ಕಡಿಮೆ ಮಾಡುವ ಅಪಾಯ ಇಂಥ ಶಾಂತಿಯಲ್ಲಿ ಯಾವಾಗಲೂ ಇದೆ. ಬ್ಯಾಂಕಾಕಿನಲ್ಲಿ ಆದದ್ದೂ ಅದೇ. ಕೇಂದ್ರ ಬ್ಯಾಂಕು ಹೆಚ್ಚು ಕಾಪಾಡಿದಷ್ಟೂ ಕಾಪಾಡಬೇಕಾದವರ ಸಂಖ್ಯೆ ಬೆಳೆಯುತ್ತದೆ. 2024ರ ಡಿಸೆಂಬರಿನಿಂದ ದರವನ್ನು ಮೊದಲಿಗಿಂತ ಸಡಿಲ ಬಿಟ್ಟು, ಫೆಬ್ರವರಿಯಲ್ಲಿ ಡಾಲರ್ 88ರ ಹತ್ತಿರ ಹೋಗಲು ಬಿಟ್ಟದ್ದು ಸರಿಯೆಂದೇ ನನ್ನ ಲೆಕ್ಕ.

ಹಾಗಾದರೆ ಪೂರ್ತಿ ಬಿಟ್ಟುಬಿಡಬಾರದೇಕೆ? ಆಸ್ಟ್ರೇಲಿಯಾ 1983ರ ಡಿಸೆಂಬರಿನಲ್ಲಿ ಹಾಗೆ ಬಿಟ್ಟಿತು. 2008ರ ಜುಲೈಯಲ್ಲಿ ಅಲ್ಲಿನ ಡಾಲರ್ ಅಮೆರಿಕದ 98 ಸೆಂಟ್ ಬಾಳುತ್ತಿತ್ತು, ಅಕ್ಟೋಬರಿನಲ್ಲಿ 60ರ ಆಸುಪಾಸಿಗೆ ಬಿತ್ತು. ನಮ್ಮಲ್ಲಾಗಿದ್ದರೆ ಸಂಸತ್ತು ನಡೆಯುತ್ತಿರಲಿಲ್ಲ. ಅಲ್ಲಿ ಆ ಕುಸಿತವೇ ಆಘಾತವನ್ನು ಮೆತ್ತಗಾಗಿಸಿತು. ಗಣಿ ಕಂಪನಿಗಳ ಅದಿರಿನ ಬೆಲೆ ಅಮೆರಿಕದ ಡಾಲರಿನಲ್ಲಿ ಇಳಿದರೂ ಸ್ಥಳೀಯ ಹಣದಲ್ಲಿ ಅಷ್ಟು ಇಳಿಯಲಿಲ್ಲ. ಅವರ ವಿದೇಶಿ ಸಾಲದಲ್ಲಿ ಬಹುಭಾಗ ಅವರದೇ ನಾಣ್ಯದಲ್ಲಿ ಇತ್ತು ಅಥವಾ ಹೆಡ್ಜ್ ಆಗಿತ್ತು. ಮುಕ್ತ ತೇಲು ದರವನ್ನು ತಾಳಿಕೊಳ್ಳುವ ತಾಕತ್ತು ಬರುವುದು ಅಲ್ಲಿಂದ. ಎಣ್ಣೆಯ ಬಹುಪಾಲನ್ನು ಡಾಲರ್ ಕೊಟ್ಟು ತರುವ, ಕಂಪನಿಗಳು ಡಾಲರಿನಲ್ಲಿ ಸಾಲ ಮಾಡುವ ದೇಶಕ್ಕೆ ಅಷ್ಟು ಧೈರ್ಯ ಸುಲಭವಲ್ಲ.

ಮುಕ್ತ ಎಂದರೆ ಎಂದಿಗೂ ಮುಟ್ಟಬಾರದು ಎಂದೂ ಅಲ್ಲ. ಐಎಂಎಫ್ ಅಳತೆಯಲ್ಲಿ ಆರು ತಿಂಗಳಲ್ಲಿ ಹೆಚ್ಚೆಂದರೆ ಮೂರು ಸಲ, ಪ್ರತಿ ಸಲ ಮೂರು ದಿನ ಮೀರದಂತೆ ಕೈಹಾಕಬಹುದು. 2024ರ ಏಪ್ರಿಲ್ 29ರಂದು ಡಾಲರ್ 160 ಯೆನ್ ದಾಟಿದಾಗ ಜಪಾನ್ ಹಾಗೆ ಇಳಿಯಿತು. ಅಲ್ಲಿ ಆದೇಶ ಕೊಡುವುದು ಹಣಕಾಸು ಸಚಿವಾಲಯ, ಬ್ಯಾಂಕ್ ಆಫ್ ಜಪಾನ್ ನಡೆಸಿಕೊಡುತ್ತದೆ ಅಷ್ಟೇ. ಒಂದು ತಿಂಗಳಲ್ಲಿ ಸುಮಾರು 9.8 ಲಕ್ಷ ಕೋಟಿ ಯೆನ್ ಕೊಂಡರು. ಯೆನ್ ಕೆಲವು ವಾರ ಚೇತರಿಸಿ ಜೂನಿನಲ್ಲಿ ಮತ್ತೆ 160 ದಾಟಿ ಬಿತ್ತು. ಎರಡು ದೇಶಗಳ ಬಡ್ಡಿಯ ನಡುವೆ ಅಷ್ಟು ದೊಡ್ಡ ಅಂತರ ಇರುವಾಗ ಮಧ್ಯಪ್ರವೇಶದಿಂದ ಸಿಗುವುದು ಸಮಯ ಮಾತ್ರ.

ರಿಸರ್ವ್ ಬ್ಯಾಂಕು ಏನು ಮಾಡುತ್ತಿದೆ ಎಂದು ಓದುಗರೂ ತಕ್ಕಮಟ್ಟಿಗೆ ನೋಡಿಕೊಳ್ಳಬಹುದು. ಪ್ರತಿ ಶುಕ್ರವಾರ ಸಂಜೆ ಹಿಂದಿನ ವಾರದ ಮೀಸಲಿನ ಲೆಕ್ಕ ಪ್ರಕಟವಾಗುತ್ತದೆ. ‘ಮೀಸಲು 500 ಕೋಟಿ ಡಾಲರ್ ಇಳಿಕೆ’ ಎಂಬ ಶೀರ್ಷಿಕೆ ಕಂಡ ಕೂಡಲೇ ಅಷ್ಟನ್ನೂ ಮಾರಿದರು ಎಂದುಕೊಳ್ಳುವಂತಿಲ್ಲ. ಮೀಸಲಿನಲ್ಲಿ ಯೂರೊ, ಪೌಂಡ್, ಯೆನ್, ಚಿನ್ನ ಎಲ್ಲವೂ ಇದ್ದು ಲೆಕ್ಕ ಮಾತ್ರ ಡಾಲರಿನಲ್ಲಿ ನಡೆಯುತ್ತದೆ. ಆ ವಾರ ಡಾಲರ್ ಬಲಗೊಂಡಿದ್ದರೆ ಒಂದು ಪೈಸೆ ಮಾರದೆಯೂ ಮೊತ್ತ ಕುಗ್ಗುತ್ತದೆ, ಚಿನ್ನ ಏರಿದ್ದರೆ ಮಾರಿದ್ದೂ ಮುಚ್ಚಿಹೋಗುತ್ತದೆ. ನಿಜವಾಗಿ ಎಷ್ಟು ಕೊಂಡರು, ಎಷ್ಟು ಮಾರಿದರು ಎಂಬುದು ಸುಮಾರು ಎರಡು ತಿಂಗಳು ತಡವಾಗಿ ಆರ್‌ಬಿಐ ಬುಲೆಟಿನ್ನಿನ ಒಂದು ಕೋಷ್ಟಕದಲ್ಲಿ ಬರುತ್ತದೆ. ಥಾಯ್ಲೆಂಡ್ ಬಚ್ಚಿಟ್ಟಿದ್ದ ಫಾರ್ವರ್ಡ್ ಬಾಧ್ಯತೆಯ ಅಂಕಿಯೂ ಅಲ್ಲೇ ಸಿಗುತ್ತದೆ. ಮೀಸಲಿನ ಮೊತ್ತದಿಂದ ಅದನ್ನು ಕಳೆದು ನೋಡಿದ ಮೇಲೆಯೇ ನಮ್ಮ ಬಳಿ ಎಷ್ಟಿದೆ ಎಂಬ ಮಾತು ಶುರುವಾಗಬೇಕು.